ಬಿಗಿ ಹಿಡಿತವೊಂದೇ ಸಾಲದು: ಬ್ಯಾಕ್ಟೀರಿಯಾ ಕಬ್ಬಿಣ ಕಸಿಯುವ ಲೆಕ್ಕಾಚಾರ

ರಕ್ತಪರೀಕ್ಷೆಯ ವರದಿಯಲ್ಲಿ ‘ಸೀರಂ ಐರನ್ 100, ಟಿಐಬಿಸಿ 300’ ಎಂದಿದ್ದರೆ ವೈದ್ಯರು ಅದರ ಮೇಲೆ ಕಣ್ಣಾಡಿಸಿ ಮುಂದಿನ ಸಾಲಿಗೆ ಹೋಗುತ್ತಾರೆ. ಮೊದಲ ಅಂಕಿ, ಒಂದು ಡೆಸಿಲೀಟರ್ ಸೀರಂನಲ್ಲಿ ಎಷ್ಟು ಮೈಕ್ರೊಗ್ರಾಂ ಕಬ್ಬಿಣ ಇದೆ ಎಂಬುದು. ಎರಡನೆಯದು, ಅಷ್ಟೇ ಸೀರಂ ಒಟ್ಟು ಎಷ್ಟು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳಬಲ್ಲದು ಎಂಬುದು. ಕಬ್ಬಿಣವನ್ನು ಹೊತ್ತು ತಿರುಗುವ ಪ್ರೋಟೀನು ಟ್ರಾನ್ಸ್‌ಫೆರಿನ್. ಆರೋಗ್ಯವಂತರಲ್ಲಿ ಅದರ ಜಾಗಗಳಲ್ಲಿ ಮೂರರಲ್ಲಿ ಎರಡು ಪಾಲು ಸದಾ ಖಾಲಿ ಇರುತ್ತದೆ ಎಂದು ಆ ಎರಡು ಅಂಕಿಗಳೇ ಹೇಳುತ್ತವೆ. ಆ ಖಾಲಿ ಜಾಗಕ್ಕೂ ಒಂದು ಕೆಲಸವಿದೆ. ಬಿಡಿಯಾಗಿ ಓಡಾಡುವ ಕಬ್ಬಿಣದ ಅಯಾನು ಎಲ್ಲೇ ಸಿಕ್ಕರೂ ಅದು ತಕ್ಷಣ ಹಿಡಿದುಕೊಳ್ಳುತ್ತದೆ.

ಹೀಗಾಗಿ ಸೀರಂನಲ್ಲಿ ಸ್ವತಂತ್ರ Fe³⁺ ಪ್ರಮಾಣ ಸುಮಾರು 10⁻²⁴ ಮೋಲಾರ್‌ಗೆ ಇಳಿದಿರುತ್ತದೆ. ಇದನ್ನು ಅವೊಗಾಡ್ರೊ ಸಂಖ್ಯೆಯಿಂದ ಗುಣಿಸಿದರೆ ಒಂದು ಲೀಟರಿಗೆ ಒಂದು ಅಯಾನೂ ಬರುವುದಿಲ್ಲ. ಬ್ಯಾಕ್ಟೀರಿಯಾ ಬೆಳೆಯಲು ಬೇಕಾದದ್ದು ಸುಮಾರು 10⁻⁷ರಿಂದ 10⁻⁶ ಮೋಲಾರ್. ಹಾಗೆಂದು ಸೀರಂನಲ್ಲಿ ಕಬ್ಬಿಣವೇ ಇಲ್ಲ ಎನ್ನುವಂತಿಲ್ಲ. ಒಂದು ಇ.ಕೋಲಿ ಕೋಶಕ್ಕೆ ಹೆಚ್ಚೆಂದರೆ ಹತ್ತು ಲಕ್ಷ ಕಬ್ಬಿಣದ ಪರಮಾಣು ಬೇಕು ಎಂದಿಟ್ಟುಕೊಳ್ಳಿ. ಮೇಲಿನ ವರದಿಯ ಪ್ರಕಾರ ಒಂದು ಮಿಲಿಲೀಟರ್ ಸೀರಂನಲ್ಲಿ 1 ಮೈಕ್ರೊಗ್ರಾಂ ಕಬ್ಬಿಣ ಇದೆ, ಅಂದರೆ ಸುಮಾರು 10¹⁶ ಪರಮಾಣು. ಒಂದು ಸಾವಿರ ಕೋಟಿ ಬ್ಯಾಕ್ಟೀರಿಯಾಕ್ಕೆ ಅಷ್ಟು ಸಾಕು. ಊಟ ಸಿದ್ಧವಾಗಿದೆ, ಆದರೆ ಬೀಗ ಹಾಕಿದ ಕೋಣೆಯಲ್ಲಿದೆ.

ಆ ಬೀಗ ತೆರೆಯಲು ಬ್ಯಾಕ್ಟೀರಿಯಾ ಹೊರಕ್ಕೆ ಕಳಿಸುವ ಸಣ್ಣ ಅಣುಗಳೇ ಸಿಡೆರೊಫೋರ್‌ಗಳು. ಗ್ರೀಕ್ ಮೂಲದ ಈ ಪದಕ್ಕೆ ‘ಕಬ್ಬಿಣ ಹೊರುವುದು’ ಎಂದರ್ಥ. ಆಸ್ಪತ್ರೆಗಳ ಮಟ್ಟಿಗೆ ಇದು ಪಠ್ಯಪುಸ್ತಕದ ವಿಷಯವಾಗಿ ಉಳಿದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2024ರ ಜುಲೈನಲ್ಲಿ ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ ಬ್ಯಾಕ್ಟೀರಿಯಾದ ‘ಎಸ್‌ಟಿ 23’ ಎಂಬ ಅತಿ ಉಗ್ರ ತಳಿಯ ಬಗ್ಗೆ ಎಚ್ಚರಿಕೆ ಕೊಟ್ಟಿತು. ಆ ತಳಿ ಕಂಡುಬಂದ ದೇಶಗಳ ಪಟ್ಟಿಯಲ್ಲಿ ಭಾರತವೂ ಇತ್ತು. ಕಡೆಯ ಅಸ್ತ್ರದಂತೆ ಬಳಸುವ ಕಾರ್ಬಪೆನೆಮ್ ಆಂಟಿಬಯಾಟಿಕ್‌ಗಳನ್ನು ಒಡೆಯುವ ಜೀನ್‌ಗಳನ್ನೂ ಈ ತಳಿ ಗಳಿಸಿಕೊಳ್ಳುತ್ತಿದೆ ಎಂಬುದು ಆತಂಕದ ಒಂದು ಕಾರಣ. ಅದನ್ನು ಉಗ್ರವಾಗಿಸುವ ಗುಣಗಳಲ್ಲಿ ಮುಖ್ಯವಾದದ್ದು ಅದರ ಕಬ್ಬಿಣದ ಕಳ್ಳತನ. ಅಚ್ಚರಿಯೆಂದರೆ, ಈ ಕಳ್ಳತನಕ್ಕೆ ಅದು ನೆಚ್ಚಿಕೊಂಡಿರುವುದು ಅತಿ ಬಲಶಾಲಿ ಸಿಡೆರೊಫೋರನ್ನಲ್ಲ, ಅದಕ್ಕಿಂತ ಎಷ್ಟೋ ದುರ್ಬಲವಾದ ಇನ್ನೊಂದನ್ನು. ಯಾಕೆ ಎಂದು ಹುಡುಕುತ್ತ ಹೋದರೆ ರಕ್ತದಲ್ಲೂ ಮಣ್ಣಿನಲ್ಲೂ ನಡೆಯುವ ಪೈಪೋಟಿಯ ನಿಯಮಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ.

ಬಲಶಾಲಿಯಿಂದಲೇ ಶುರುಮಾಡೋಣ. ಇ.ಕೋಲಿ, ಸಾಲ್ಮೊನೆಲ್ಲಾ, ಕ್ಲೆಬ್ಸಿಯೆಲ್ಲಾ ಎಲ್ಲವೂ ತಯಾರಿಸುವ ಎಂಟೆರೊಬ್ಯಾಕ್ಟಿನ್ 1970ರಲ್ಲಿ ಪತ್ತೆಯಾಯಿತು. ಮೂರು ಸೆರೀನ್ ಅಮೈನೊ ಆಮ್ಲಗಳು ಸೇರಿ ಒಂದು ಉಂಗುರ. ಪ್ರತಿ ಸೆರೀನ್‌ಗೂ ನೇತುಬಿದ್ದ ಒಂದೊಂದು ಕ್ಯಾಟಿಕಾಲ್ ಕೊಕ್ಕೆ. ಪ್ರತಿ ಕೊಕ್ಕೆಗೂ ಎರಡೆರಡು ಆಮ್ಲಜನಕ. ಕಬ್ಬಿಣದ ಅಯಾನಿಗೆ ಆರು ಕಡೆಯಿಂದ ಹಿಡಿಸಿಕೊಳ್ಳುವುದು ಇಷ್ಟ, ಆರೂ ಕೈ ಈ ಒಂದೇ ಅಣುವಿನಲ್ಲಿವೆ. ಕಬ್ಬಿಣದೊಂದಿಗೆ ಇದರ ಬಂಧನ ಸ್ಥಿರಾಂಕ ಸುಮಾರು 10⁴⁹. ಹೋಲಿಕೆಗೆ ಹೇಳುವುದಾದರೆ, ಪ್ರಯೋಗಾಲಯದಲ್ಲಿ ಲೋಹ ಹಿಡಿಯಲು ದಿನಬೆಳಗಾದರೆ ಬಳಸುವ ಇಡಿಟಿಎಯದ್ದು 10²⁵ರ ಆಸುಪಾಸು. ಪ್ರಕೃತಿಯಲ್ಲಿ ಕಬ್ಬಿಣದ ಮೇಲಿನ ಅತಿ ಬಿಗಿ ಹಿಡಿತ ಎಂದು ಎಲ್ಲ ಪಠ್ಯಗಳೂ ಈ ಅಂಕಿಯನ್ನು ಎತ್ತಿ ಹೇಳುತ್ತವೆ.

ಆದರೆ ಈ ಅಂಕಿಯನ್ನು ಸ್ವಲ್ಪ ಅನುಮಾನದಿಂದಲೇ ಓದಬೇಕು. ಆರು ಆಮ್ಲಜನಕಗಳೂ ತಮ್ಮ ಪ್ರೋಟಾನುಗಳನ್ನು ಕಳಚಿ ಬರಿಗೈಯಲ್ಲಿ ಇರುವ ಸ್ಥಿತಿಗೆ ಅನ್ವಯಿಸುವ ಅಂಕಿ ಅದು. ರಕ್ತದ ಪಿಎಚ್ 7.4ರಲ್ಲಿ ಆ ಕೈಗಳಲ್ಲಿ ಬಹುಪಾಲು ಇನ್ನೂ ಪ್ರೋಟಾನನ್ನೇ ಹಿಡಿದುಕೊಂಡಿರುತ್ತವೆ. ಹಾಗಾಗಿ ಈ ವಿಷಯದವರು ಪಿಎಫ್‌ಇ ಎಂಬ ಬೇರೆ ಅಳತೆ ಬಳಸುತ್ತಾರೆ. ಪಿಎಚ್ 7.4ರಲ್ಲಿ 1 ಮೈಕ್ರೊಮೋಲಾರ್ ಕಬ್ಬಿಣಕ್ಕೆ 10 ಮೈಕ್ರೊಮೋಲಾರ್ ಸಿಡೆರೊಫೋರ್ ಹಾಕಿದರೆ ಎಷ್ಟು ಕಬ್ಬಿಣ ಸ್ವತಂತ್ರವಾಗಿ ಉಳಿಯುತ್ತದೆ ಎಂಬುದರ ಲಾಗ್ ಲೆಕ್ಕ ಅದು; ಅಂಕಿ ದೊಡ್ಡದಾದಷ್ಟೂ ಹಿಡಿತ ಬಿಗಿ. ಎಂಟೆರೊಬ್ಯಾಕ್ಟಿನ್‌ಗೆ ಅದು ಸುಮಾರು 35. ಉಗ್ರ ಕ್ಲೆಬ್ಸಿಯೆಲ್ಲಾ ಬಳಸುವ ಏರೊಬ್ಯಾಕ್ಟಿನ್‌ಗೆ ಸುಮಾರು 23. ಟ್ರಾನ್ಸ್‌ಫೆರಿನ್ ಕೂಡ ಹೆಚ್ಚುಕಡಿಮೆ ಅದೇ ಮಟ್ಟದಲ್ಲಿದೆ. ಅಂದರೆ ಕಾಗದದ ಮೇಲೆ ಎಂಟೆರೊಬ್ಯಾಕ್ಟಿನ್ ಗೆದ್ದೇ ಗೆಲ್ಲಬೇಕು, ಏರೊಬ್ಯಾಕ್ಟಿನ್ ಕಷ್ಟಪಟ್ಟು ಸಮಬಲ ಸಾಧಿಸಬೇಕು.

ರಕ್ತದಲ್ಲಿ ಆಗುವುದು ಹಾಗಲ್ಲ. ಟ್ರಾನ್ಸ್‌ಫೆರಿನ್‌ಗೆ ಎರಡು ಹೋಳುಗಳು. ಪ್ರತಿ ಹೋಳೂ ಒಂದು ಕಬ್ಬಿಣದ ಅಯಾನನ್ನು ಒಂದು ಕಾರ್ಬೊನೇಟ್ ಅಯಾನಿನ ಜೊತೆ ಸೇರಿಸಿ, ಬಾಯಿ ಮುಚ್ಚಿದ ಕಪ್ಪೆಚಿಪ್ಪಿನಂತೆ ಒಳಗೆ ಇಟ್ಟುಕೊಂಡಿರುತ್ತದೆ. ಆ ಬಾಯಿ ಸ್ವಲ್ಪ ಸಡಿಲಗೊಂಡಾಗ ಮಾತ್ರ ಸಿಡೆರೊಫೋರ್ ಒಳಗೆ ಕೈ ಹಾಕಲು ಸಾಧ್ಯ. ಆದ್ದರಿಂದ ಅಂತಿಮವಾಗಿ ಯಾರ ಹಿಡಿತ ಹೆಚ್ಚು ಎಂಬುದಕ್ಕಿಂತ, ಬಾಯಿ ತೆರೆದ ಕ್ಷಣದಲ್ಲಿ ಹತ್ತಿರ ಯಾರಿದ್ದಾರೆ ಎಂಬುದೇ ವೇಗವನ್ನು ನಿರ್ಧರಿಸುತ್ತದೆ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ನೀಲ್ಯಾಂಡ್ಸ್ ಅವರ ಪ್ರಯೋಗಾಲಯ 1980ರ ದಶಕದ ಮೊದಲರ್ಧದಲ್ಲಿ ಇಲ್ಲೇ ಒಂದು ತೊಡಕನ್ನು ತೋರಿಸಿತು. ಎಂಟೆರೊಬ್ಯಾಕ್ಟಿನ್‌ಗೆ ನೀರಿಗಿಂತ ಎಣ್ಣೆಯ ಸ್ವಭಾವ ಹೆಚ್ಚು. ಅದು ರಕ್ತದಲ್ಲಿ ಹೇರಳವಾಗಿರುವ ಆಲ್ಬುಮಿನ್ ಪ್ರೋಟೀನಿಗೆ ಅಂಟಿಕೊಂಡುಬಿಡುತ್ತದೆ. ಬರಿಯ ಟ್ರಾನ್ಸ್‌ಫೆರಿನ್ ದ್ರಾವಣದಲ್ಲಿ ಚುರುಕಾಗಿ ಕಬ್ಬಿಣ ಕಸಿಯುವ ಅಣು, ಸೀರಂ ಹಾಕಿದ ಕೂಡಲೇ ಮಂಕಾಗುತ್ತದೆ. ನೀರಿನಲ್ಲಿ ಸಲೀಸಾಗಿ ಕರಗುವ ಏರೊಬ್ಯಾಕ್ಟಿನ್‌ಗೆ ಈ ಕಾಟವಿಲ್ಲ.

ಸಮಬಲದ ಏರೊಬ್ಯಾಕ್ಟಿನ್ ಟ್ರಾನ್ಸ್‌ಫೆರಿನ್‌ನಿಂದ ಕಬ್ಬಿಣವನ್ನು ಹೇಗೆ ಖಾಲಿ ಮಾಡುತ್ತದೆ? ಸಮತೋಲ ಎಂಬುದು ಮುಚ್ಚಿದ ಪರೀಕ್ಷಾನಾಳದಲ್ಲಿ ಮಾತ್ರ ಏರ್ಪಡುವುದು. ಸೋಂಕಿನ ಜಾಗದಲ್ಲಿ ಬ್ಯಾಕ್ಟೀರಿಯಾ ತುಂಬಿದ ಸಿಡೆರೊಫೋರನ್ನು ಒಳಗೆಳೆದುಕೊಳ್ಳುತ್ತಲೇ ಇರುತ್ತದೆ. ಕೊಡದಿಂದ ಕೊಡಕ್ಕೆ ನೀರು ಸಮವಾಗುವ ಮೊದಲೇ ಒಂದು ಕೊಡವನ್ನು ಯಾರೋ ಬರಿದು ಮಾಡುತ್ತಿದ್ದರೆ, ಹರಿವು ಒಂದೇ ದಿಕ್ಕಿಗೆ ಸಾಗುತ್ತದೆ. ದುರ್ಬಲ ಹಿಡಿತದ ಅಣುವೂ ಹೀಗೆ ಗೆಲ್ಲುತ್ತದೆ.

ಒಳಗೆಳೆದುಕೊಳ್ಳುವುದೂ ಪುಕ್ಕಟೆಯಲ್ಲ. ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿರುವ ಸಾಮಾನ್ಯ ರಂಧ್ರಗಳಲ್ಲಿ ಕಬ್ಬಿಣ ತುಂಬಿದ ಎಂಟೆರೊಬ್ಯಾಕ್ಟಿನ್ ತೂರುವುದಿಲ್ಲ. ಅದಕ್ಕೆಂದೇ ಫೆಪ್‌ಎ ಎಂಬ ಪೀಪಾಯಿ ಆಕಾರದ ಗ್ರಾಹಿ ಪ್ರೋಟೀನು ಇದೆ, ಅದರ ಒಳಗೊಂದು ಬಿರಡೆಯೂ ಇದೆ. ಹೊರಪೊರೆಯಲ್ಲಿ ಎಟಿಪಿ ಇಲ್ಲವಾದ್ದರಿಂದ, ಒಳಪೊರೆಗೆ ನೆಟ್ಟ ಟಾನ್‌ಬಿ ಎಂಬ ಪ್ರೋಟೀನು ಪ್ರೋಟಾನ್ ಒತ್ತಡದ ಬಲದಿಂದ ಆ ಬಿರಡೆಯನ್ನು ಎಳೆಯುತ್ತದೆ. ಸಿಡೆರೊಫೋರ್ ಒಳಕ್ಕೆ ಜಾರುತ್ತದೆ. ಎರಡು ಪೊರೆಗಳ ನಡುವಿನ ಜಾಗದಲ್ಲಿ ಇನ್ನೊಂದು ಪ್ರೋಟೀನು ಅದನ್ನು ಹಿಡಿದು ಒಳಪೊರೆಯ ಪಂಪಿಗೆ ಒಪ್ಪಿಸುತ್ತದೆ. ಅಲ್ಲಿ ಎಟಿಪಿ ಖರ್ಚಾಗುತ್ತದೆ.

ಕೋಶದೊಳಗೆ ಬಂದ ಮೇಲೆ ಬಿಗಿ ಹಿಡಿತವೇ ತಲೆನೋವಾಗುತ್ತದೆ. Fe³⁺ ಅನ್ನು Fe²⁺ ಮಾಡಿದರೆ ಹಿಡಿತ ಸಡಿಲವಾಗುತ್ತದೆ, ಸಾಮಾನ್ಯ ಉಪಾಯ ಅದೇ. ಆದರೆ ಎಂಟೆರೊಬ್ಯಾಕ್ಟಿನ್ ಹಿಡಿದ ಕಬ್ಬಿಣಕ್ಕೆ ಎಲೆಕ್ಟ್ರಾನ್ ಕೊಡಬೇಕಾದರೆ ಪಿಎಚ್ 7ರಲ್ಲಿ ಸುಮಾರು −750 ಮಿಲಿವೋಲ್ಟ್ ಬೇಕು. ಕೋಶದ ಮಾಮೂಲಿ ದಾನಿ ಎನ್‌ಎಡಿಎಚ್‌ಗೆ ಇರುವುದು −320. ದಾರಿ ಒಂದೇ: ಫೆಸ್ ಎಂಬ ಕಿಣ್ವ ಸಿಡೆರೊಫೋರಿನ ಉಂಗುರವನ್ನೇ ತುಂಡರಿಸುತ್ತದೆ. ಆಗ ಕಬ್ಬಿಣ ಬಿಡುಗಡೆಯಾಗುತ್ತದೆ, ಆದರೆ ಅಣು ಹಾಳಾಗುತ್ತದೆ. ಒಂದು ಅಯಾನಿಗೆ ಒಂದು ಅಣು, ಬಳಸಿ ಬಿಸಾಡುವ ಲೆಕ್ಕ. ಏರೊಬ್ಯಾಕ್ಟಿನ್ ಕಬ್ಬಿಣವನ್ನು ಇಳಿಸಿ ಮತ್ತೆ ಹೊರಕ್ಕೆ ಹೋಗಿ ಇನ್ನೊಂದು ಹೊರೆ ತರುತ್ತದೆ. ಹಿಡಿತ ಸಡಿಲವಾಗಿರುವುದರ ಲಾಭ ಇಲ್ಲಿ ಕಾಣುತ್ತದೆ.

ಇಷ್ಟಾದರೂ ಎಂಟೆರೊಬ್ಯಾಕ್ಟಿನ್‌ಗೆ ದೊಡ್ಡ ಪೆಟ್ಟು ಕೊಟ್ಟಿರುವುದು ನಮ್ಮ ದೇಹವೇ. ಸೋಂಕು ತಗುಲಿದಾಗ ಬಿಳಿರಕ್ತಕಣಗಳು ಲಿಪೊಕ್ಯಾಲಿನ್-2 ಎಂಬ ಪುಟ್ಟ ಪ್ರೋಟೀನನ್ನು ಸುರಿಸುತ್ತವೆ. ಕಿಡ್ನಿಗೆ ಹಾನಿಯಾಗಿದೆಯೇ ಎಂದು ನೋಡಲು ದೊಡ್ಡ ಲ್ಯಾಬ್‌ಗಳು ಮಾಡುವ ಎನ್‌ಜಿಎಎಲ್ ಪರೀಕ್ಷೆ ಅಳೆಯುವುದು ಇದೇ ಪ್ರೋಟೀನನ್ನು. ಅದರ ನಿಜವಾದ ಕಸುಬು 2002ರಲ್ಲಿ ಹೊರಬಿತ್ತು: ಅದು ಬಟ್ಟಲಿನ ಆಕಾರದಲ್ಲಿದ್ದು, ಕಬ್ಬಿಣ ತುಂಬಿದ ಎಂಟೆರೊಬ್ಯಾಕ್ಟಿನ್ ಆ ಬಟ್ಟಲಿನೊಳಗೆ ಅಚ್ಚಿಗೆ ಹೊಯ್ದಂತೆ ಕೂರುತ್ತದೆ. ನ್ಯಾನೊಮೋಲಾರ್‌ಗೂ ಕಡಿಮೆ ಪ್ರಮಾಣದಲ್ಲೇ ಹಿಡಿಯುವಷ್ಟು ಬಿಗಿ. ದೇಹ ಇಲ್ಲಿ ಕಬ್ಬಿಣಕ್ಕಾಗಿ ಜಗ್ಗಾಡುವುದನ್ನು ಬಿಟ್ಟು, ಕಬ್ಬಿಣ ಹೊತ್ತ ಕಳ್ಳನನ್ನೇ ಹೊರೆಯ ಸಮೇತ ಹಿಡಿಯುತ್ತದೆ. ಆಮೇಲೆ ಹಿಡಿತ 10⁴⁹ ಆದರೇನು, 10⁵⁹ ಆದರೇನು?

ಬ್ಯಾಕ್ಟೀರಿಯಾ ಇದಕ್ಕೆ ಎರಡು ಬಗೆಯಲ್ಲಿ ಉತ್ತರ ಕೊಟ್ಟಿವೆ. ಮೊದಲನೆಯದು ವೇಷ ಬದಲಿಸುವುದು. ಸಾಲ್ಮೊನೆಲ್ಲಾ ಅದೇ ಎಂಟೆರೊಬ್ಯಾಕ್ಟಿನ್‌ಗೆ ಗ್ಲುಕೋಸ್ ಅಂಟಿಸಿ ಸಾಲ್ಮೊಕೆಲಿನ್ ಮಾಡಿಕೊಳ್ಳುತ್ತದೆ. ದಪ್ಪಗಾದ ಅಣು ಲಿಪೊಕ್ಯಾಲಿನ್ ಬಟ್ಟಲಿನಲ್ಲಿ ಹಿಡಿಸುವುದಿಲ್ಲ. ಎರಡನೆಯದು ಬೇರೆಯೇ ರಚನೆಯ ಅಣು ಮಾಡುವುದು. ಸಿಟ್ರಿಕ್ ಆಮ್ಲದ ಬೆನ್ನೆಲುಬಿಗೆ ಎರಡು ಹೈಡ್ರಾಕ್ಸಮೇಟ್ ಕೊಕ್ಕೆ ಜೋಡಿಸಿದ ಏರೊಬ್ಯಾಕ್ಟಿನ್ ಆ ಬಟ್ಟಲಿಗೆ ಯಾವ ರೀತಿಯಲ್ಲೂ ಹೊಂದುವುದಿಲ್ಲ. ಉಗ್ರ ಕ್ಲೆಬ್ಸಿಯೆಲ್ಲಾ ಈ ಎರಡೂ ಉಪಾಯಗಳ ಜೀನ್‌ಗಳನ್ನು ಪ್ಲಾಸ್ಮಿಡ್ ಎಂಬ ಒಂದೇ ದೊಡ್ಡ ಡಿಎನ್‌ಎ ಉಂಗುರದಲ್ಲಿ ಹೊತ್ತುಕೊಂಡಿರುತ್ತದೆ.

ಇವುಗಳಲ್ಲಿ ಯಾವುದು ಹೆಚ್ಚು ಮುಖ್ಯ ಎಂಬುದನ್ನು ಅಮೆರಿಕದ ಸಂಶೋಧಕರು ಒಂದೊಂದೇ ಜೀನ್ ಕೆಡಿಸಿ ನೋಡಿದರು. ಉಗ್ರ ತಳಿಯ ಒಟ್ಟು ಸಿಡೆರೊಫೋರ್ ಚಟುವಟಿಕೆಯಲ್ಲಿ ಶೇ. 90ಕ್ಕೂ ಹೆಚ್ಚು ಪಾಲು ಏರೊಬ್ಯಾಕ್ಟಿನ್‌ದೇ ಆಗಿತ್ತು. ಅದನ್ನು ತಯಾರಿಸಲಾಗದ ರೂಪಾಂತರಿ ಇಲಿಗಳಲ್ಲಿ ಉಗ್ರತೆ ಕಳೆದುಕೊಂಡಿತು. ಎಂಟೆರೊಬ್ಯಾಕ್ಟಿನ್, ಸಾಲ್ಮೊಕೆಲಿನ್ ಅಥವಾ ಯೆರ್ಸಿನಿಯಾಬ್ಯಾಕ್ಟಿನ್ ಎಂಬ ಇನ್ನೊಂದು ಸಿಡೆರೊಫೋರ್ ಇಲ್ಲದ ರೂಪಾಂತರಿಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಇಲಿಯ ಫಲಿತಾಂಶವನ್ನು ಮನುಷ್ಯರಿಗೆ ನೇರವಾಗಿ ಎಳೆದು ತರಬಾರದು. ಆದರೂ ವೈದ್ಯರು ಕಾಣುವ ಚಿತ್ರಕ್ಕೆ ಅದು ಹೊಂದುತ್ತದೆ: ಆರೋಗ್ಯವಂತ ವ್ಯಕ್ತಿಗೂ ಯಕೃತ್ತಿನಲ್ಲಿ ಕೀವಿನ ಗಡ್ಡೆ, ಅಲ್ಲಿಂದ ಕಣ್ಣಿಗೋ ಮಿದುಳಿಗೋ ಹರಡುವ ಸೋಂಕು. ತೈವಾನ್‌ನಿಂದ 1980ರ ದಶಕದಲ್ಲಿ ಮೊದಲು ವರದಿಯಾದದ್ದು ಇಂಥ ರೋಗಿಗಳೇ.

ಲ್ಯಾಬ್‌ನಲ್ಲಿ ಇದನ್ನು ಗುರುತಿಸುವುದು ಹೇಗೆ? ಹಳೆಯ ಉಪಾಯ ‘ಸ್ಟ್ರಿಂಗ್ ಟೆಸ್ಟ್’. ಬ್ಲಡ್ ಅಗಾರ್ ಮೇಲೆ ರಾತ್ರಿಯಿಡೀ ಬೆಳೆದ ಕಾಲೊನಿಯನ್ನು ಲೂಪ್‌ನಿಂದ ಮುಟ್ಟಿ ಮೆಲ್ಲಗೆ ಮೇಲೆತ್ತಬೇಕು. ಪಾಕದ ಎಳೆಯಂತೆ 5 ಮಿಲಿಮೀಟರ್‌ಗಿಂತ ಉದ್ದದ ದಾರ ಎದ್ದರೆ ಪಾಸಿಟಿವ್. ಅಗ್ಗ, ಕ್ಷಣದಲ್ಲಿ ಮುಗಿಯುತ್ತದೆ, ಆದರೆ ಅದು ಹೇಳುವುದು ಕೋಶದ ಸುತ್ತಲಿನ ಲೋಳೆಯ ಬಗ್ಗೆ, ಕಬ್ಬಿಣದ ಬಗ್ಗೆ ಅಲ್ಲ. ದಾರ ಎಳೆಯದ ಉಗ್ರ ತಳಿಗಳೂ ಇವೆ, ದಾರ ಎಳೆಯುವ ಸಾಧು ತಳಿಗಳೂ ಇವೆ. ಏರೊಬ್ಯಾಕ್ಟಿನ್ ಜೀನ್‌ಗಳನ್ನು ಪಿಸಿಆರ್‌ನಲ್ಲಿ ಹುಡುಕುವುದು, ಅಥವಾ ತಳಿ ಎಷ್ಟು ಸಿಡೆರೊಫೋರ್ ಸುರಿಸುತ್ತದೆ ಎಂದು ಅಳೆಯುವುದು ಹೆಚ್ಚು ನಂಬಬಹುದಾದ ದಾರಿ. ಒಂದು ಮಿಲಿಲೀಟರಿಗೆ 30 ಮೈಕ್ರೊಗ್ರಾಂ ದಾಟಿದರೆ ಉಗ್ರ ಎಂದು ಶಂಕಿಸಬೇಕು ಎಂಬುದು 2018ರ ಅಧ್ಯಯನವೊಂದು ಕೊಟ್ಟ ಗಡಿ.

ರಕ್ತದಿಂದ ಈಗ ಮಣ್ಣಿಗೆ ಇಳಿಯೋಣ. ಕೋಲಾರದ ಕೆಂಪು ಮಣ್ಣಿಗೂ ಕರಾವಳಿಯ ಮುರಕಲ್ಲಿಗೂ ಬಣ್ಣ ಕೊಟ್ಟಿರುವುದೇ ಹೆಮಟೈಟ್, ಗೋಥೈಟ್‌ನಂಥ ಕಬ್ಬಿಣದ ಖನಿಜಗಳು. ಅಲ್ಲಿ ಕಬ್ಬಿಣಕ್ಕೆ ಬರವಿಲ್ಲ, ಕರಗಿದ ಕಬ್ಬಿಣಕ್ಕೆ ಬರ. ಗಾಳಿಯಾಡುವ ಮಣ್ಣಿನಲ್ಲಿ ಪಿಎಚ್ 7ರ ಸುತ್ತ ಸ್ವತಂತ್ರ Fe³⁺ ಸುಮಾರು 10⁻¹⁸ ಮೋಲಾರ್ ಮಾತ್ರ. ಪಿಎಚ್ ಒಂದೊಂದು ಘಟಕ ಏರಿದಂತೆಲ್ಲ ಅದು ಸಾವಿರ ಪಟ್ಟು ಇಳಿಯುತ್ತದೆ. ಅದಕ್ಕೇ ಉತ್ತರ ಕರ್ನಾಟಕದ ಸುಣ್ಣಕಲ್ಲು ಮಿಶ್ರಿತ ಎರೆಭೂಮಿಯಲ್ಲಿ ಶೇಂಗಾದ ಎಳೆ ಎಲೆಗಳು ನರ ಮಾತ್ರ ಹಸಿರಾಗಿ ಉಳಿದು ನಡುವೆಲ್ಲ ಹಳದಿಗಟ್ಟುತ್ತವೆ. ಸಾರಜನಕದ ಕೊರತೆಯಾದರೆ ಮೊದಲು ಹಳದಿಯಾಗುವುದು ಹಳೆಯ ಎಲೆ. ಕಬ್ಬಿಣದ್ದಾದರೆ ಎಳೆಯ ಎಲೆ.

ಮಣ್ಣಿನಲ್ಲಿ ಬ್ಯಾಕ್ಟೀರಿಯಾ ಎದುರಿಸುವುದು ಪ್ರೋಟೀನನ್ನಲ್ಲ, ಹರಳನ್ನು. ಸ್ಟ್ರೆಪ್ಟೊಮೈಸಿಸ್ ಎಂಬ ಮಣ್ಣಿನ ಜೀವಿಗಳು ಸುರಿಸುವ ಡೆಸ್‌ಫೆರಿಯಾಕ್ಸಮಿನ್-ಬಿ ಎಂಬ ಸಿಡೆರೊಫೋರ್ ಇದಕ್ಕೆ ಒಳ್ಳೆಯ ಉದಾಹರಣೆ. ಕಬ್ಬಿಣದೊಂದಿಗೆ ಅದರ ಸ್ಥಿರಾಂಕ ಸುಮಾರು 10³⁰, ಗೋಥೈಟನ್ನು ಕರಗಿಸಲು ಬೇಕಾದಷ್ಟಾಯಿತು. ಆದರೂ ಒಂದನ್ನೇ ಹಾಕಿದರೆ ಗೋಥೈಟ್ ಕರಗುವುದು ಆಮೆಗತಿಯಲ್ಲಿ. ಹರಳಿನ ಮೇಲ್ಮೈಯ ಪ್ರತಿ ಕಬ್ಬಿಣವೂ ಪಕ್ಕದ ಆಮ್ಲಜನಕಗಳಿಗೆ ಹೆಣೆದುಕೊಂಡಿರುತ್ತದೆ, ಆ ಹೆಣಿಗೆ ಬಿಚ್ಚುವುದೇ ನಿಧಾನ. ಸಾಲದ್ದಕ್ಕೆ ಈ ಸಿಡೆರೊಫೋರಿನ ತುದಿಯಲ್ಲೊಂದು ಧನಾವೇಶ ಇದೆ, ಗೋಥೈಟಿನ ಮೇಲ್ಮೈಗೂ ಸಾಮಾನ್ಯ ಪಿಎಚ್‌ನಲ್ಲಿ ಧನಾವೇಶ. ಒಂದನ್ನೊಂದು ದೂಡುವುದರಿಂದ ಅಣು ಮೇಲ್ಮೈಗೆ ಸರಿಯಾಗಿ ಅಂಟುವುದೇ ಇಲ್ಲ.

ಇಲ್ಲಿ ನೆರವಿಗೆ ಬರುವುದು ಬೇರುಗಳೂ ಶಿಲೀಂಧ್ರಗಳೂ ಬಿಡುವ ಆಕ್ಸಲಿಕ್ ಆಮ್ಲ. ಋಣಾವೇಶದ ಆಕ್ಸಲೇಟ್ ಮೇಲ್ಮೈಗೆ ಸಲೀಸಾಗಿ ಅಂಟಿ, ಕಬ್ಬಿಣದ ಹಿಂದಿನ ಬಂಧಗಳನ್ನು ಸಡಿಲಿಸುತ್ತದೆ. ಆದರೆ ತಟಸ್ಥ ಪಿಎಚ್‌ನಲ್ಲಿ ಅದಕ್ಕೆ ಕಬ್ಬಿಣವನ್ನು ದ್ರಾವಣದಲ್ಲಿ ಹಿಡಿದಿಟ್ಟುಕೊಳ್ಳುವ ತ್ರಾಣವಿಲ್ಲ. ಸಡಿಲಗೊಂಡ ಕಬ್ಬಿಣವನ್ನು ಸಿಡೆರೊಫೋರ್ ಎತ್ತಿಕೊಳ್ಳುತ್ತದೆ, ಆಕ್ಸಲೇಟ್ ಬರಿಗೈಯಾಗಿ ಮತ್ತೆ ಕೆಲಸಕ್ಕೆ ಮರಳುತ್ತದೆ. ಒಬ್ಬ ಹಾರೆ ಹಾಕಿ ಕಲ್ಲು ಸಡಿಲಿಸಿದರೆ ಇನ್ನೊಬ್ಬ ಹೊತ್ತೊಯ್ದಂತೆ. ಎರಡೂ ಸೇರಿದಾಗ ಕರಗುವ ವೇಗ, ಅವು ಬೇರೆಬೇರೆಯಾಗಿ ಕರಗಿಸುವುದರ ಮೊತ್ತಕ್ಕಿಂತ ಹೆಚ್ಚು. ರಕ್ತದಲ್ಲಿ ಟ್ರಾನ್ಸ್‌ಫೆರಿನ್ ಬಾಯಿ ತೆರೆಯುವುದಕ್ಕೆ ಕಾಯಬೇಕಿದ್ದಂತೆ, ಇಲ್ಲೂ ವೇಗವನ್ನು ನಿರ್ಧರಿಸುವುದು ಬೀಗ ಸಡಿಲವಾಗುವ ಹಂತವೇ.

ಡೆಸ್‌ಫೆರಿಯಾಕ್ಸಮಿನ್ ಮಣ್ಣಿನಿಂದ ನೇರ ಔಷಧದಂಗಡಿಗೆ ಬಂದ ಅಣು ಕೂಡ. ಪದೇಪದೇ ರಕ್ತ ಹಾಕಿಸಿಕೊಳ್ಳುವ ಥಲಸ್ಸೇಮಿಯಾ ರೋಗಿಗಳ ದೇಹದಲ್ಲಿ ಶೇಖರವಾಗುವ ಕಬ್ಬಿಣವನ್ನು ಹೊರಹಾಕಲು, ಚರ್ಮದಡಿ ಸೂಜಿಯಿಟ್ಟು ಪಂಪಿನಿಂದ 8ರಿಂದ 12 ಗಂಟೆ ಕಾಲ ಅದನ್ನು ಹರಿಸುತ್ತಾರೆ. ಕಬ್ಬಿಣ ಕಸಿಯುವ ಔಷಧ ಸೋಂಕನ್ನೂ ತಡೆಯಬೇಕಲ್ಲವೇ ಎನಿಸಬಹುದು. ಆದದ್ದು ತಿರುಗುಮುರುಗು. ಡಯಾಲಿಸಿಸ್‌ನಲ್ಲಿದ್ದು ಈ ಔಷಧ ಪಡೆಯುತ್ತಿದ್ದವರಲ್ಲಿ ಮ್ಯೂಕರ್ ಶಿಲೀಂಧ್ರದ ಮಾರಕ ಸೋಂಕು ಕಾಣಿಸಿಕೊಂಡಿತು. ರೈಜೋಪಸ್ ಎಂಬ ಶಿಲೀಂಧ್ರಕ್ಕೆ ಈ ಸಿಡೆರೊಫೋರ್ ಹೊತ್ತ ಕಬ್ಬಿಣವನ್ನು ಇಳಿಸಿಕೊಳ್ಳುವ ವಿದ್ಯೆ ಗೊತ್ತು. ಔಷಧ ಅದರ ಪಾಲಿಗೆ ಊಟ ತಂದುಕೊಡುವ ಆಳಾಯಿತು. ಕಬ್ಬಿಣ ಹೊರಹಾಕಲು ಕೊಡುವ, ಬೇರೆ ರಚನೆಯ ಇನ್ನೊಂದು ಔಷಧ ಡೆಫೆರಸಿರಾಕ್ಸ್‌ನಿಂದ ಅದಕ್ಕೆ ಹಾಗೆ ಕಬ್ಬಿಣ ಸಿಗುವುದಿಲ್ಲ. ಕಬ್ಬಿಣವನ್ನು ಯಾರು ಹಿಡಿದರು ಎನ್ನುವುದಕ್ಕಿಂತ ಹಿಡಿದದ್ದನ್ನು ಬಿಚ್ಚುವ ಕೀಲಿ ಯಾರಲ್ಲಿದೆ ಎಂದು ಕೇಳುವುದು ಮೇಲು.

ಹೊಲಕ್ಕೆ ಹಾಕುವ ‘ಸ್ಯೂಡೊಮೊನಾಸ್’ ಪುಡಿಯ ಹಿಂದೆಯೂ ಇದೇ ಕೀಲಿಯ ಮಾತಿದೆ. ಸ್ಯೂಡೊಮೊನಾಸ್ ಫ್ಲೋರೆಸೆನ್ಸ್ ಬ್ಯಾಕ್ಟೀರಿಯಾ ಸುರಿಸುವ ಹಳದಿ-ಹಸಿರು ಹೊಳಪಿನ ಪಯೋವರ್ಡಿನ್, ಬೇರಿನ ಸುತ್ತಲಿನ ಕಬ್ಬಿಣವನ್ನು ಬಾಚಿಕೊಂಡು ಸೊರಗು ರೋಗದ ಫ್ಯುಸೇರಿಯಂ ಶಿಲೀಂಧ್ರವನ್ನು ಉಪವಾಸ ಕೆಡವುತ್ತದೆ ಎಂಬ ವಾದ 1980ರಿಂದ ಇದೆ. ಆಗಿನ ಪ್ರಯೋಗಗಳಲ್ಲೇ ಅದರ ಮಿತಿಯೂ ಕಂಡಿತ್ತು: ಮಣ್ಣಿಗೆ ಕಬ್ಬಿಣ ಬೆರೆಸಿದರೆ ರೋಗ ತಡೆಯುವ ಗುಣ ಕುಗ್ಗಿತು. ಕಾರಣ ಸರಳ. ಕೋಶದಲ್ಲಿ ಕಬ್ಬಿಣ ಸಾಕಷ್ಟಿದ್ದಾಗ ಫರ್ ಎಂಬ ಪ್ರೋಟೀನು ಸಿಡೆರೊಫೋರ್ ತಯಾರಿಯನ್ನು ನಿಲ್ಲಿಸುತ್ತದೆ. ಹಾಗಾಗಿ ಹುಳಿ ಮಣ್ಣಿನಲ್ಲಿ ಈ ಪರಿಣಾಮದ ಮೇಲೆ ಹೆಚ್ಚು ಭರವಸೆ ಇಡುವುದು ನನ್ನ ಮಟ್ಟಿಗೆ ಕಷ್ಟ. ಅಲ್ಲಿ ಆ ಬ್ಯಾಕ್ಟೀರಿಯಾ ಉಪಯೋಗಕ್ಕೆ ಬಂದರೆ ಅದು ಬೇರೆ ಗುಣಗಳಿಂದ ಬಂದಿರಬೇಕು. ಶೇಂಗಾದ ಹಳದಿಗೂ ಅದನ್ನೇ ಮದ್ದೆನ್ನುವುದು ಅವಸರದ ಮಾತು. ಅಲ್ಲಿ ಈಗಲೂ ಕೈಹಿಡಿಯುವುದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಮತ್ತು 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ಎಲೆಗೆ ಸಿಂಪಡಿಸುವುದು. ಅದೇ ಸಲ್ಫೇಟನ್ನು ಸುಣ್ಣದ ಮಣ್ಣಿಗೆ ಹಾಕಿದರೆ ಬೇಗನೆ ಉತ್ಕರ್ಷಣಗೊಂಡು ತುಕ್ಕಾಗಿ ಕೂರುತ್ತದೆ.

ಇಂಥ ಉತ್ಪನ್ನಗಳ ಬಗ್ಗೆ ‘ಸಿಡೆರೊಫೋರ್ ಉತ್ಪಾದಕ’ ಎಂಬ ಮಾತು ಬಂದಾಗ, ಬಹುತೇಕ ಅದರ ಹಿಂದಿರುವುದು ಸಿಎಎಸ್ ತಟ್ಟೆ. 1987ರಲ್ಲಿ ಶ್ವಿನ್ ಮತ್ತು ನೀಲ್ಯಾಂಡ್ಸ್ ರೂಪಿಸಿದ ಪರೀಕ್ಷೆ ಇದು. 60.5 ಮಿಲಿಗ್ರಾಂ ಕ್ರೋಮ್ ಅಜುರಾಲ್ ಎಸ್ ಬಣ್ಣವನ್ನು 50 ಮಿಲಿ ನೀರಿನಲ್ಲಿ ಕರಗಿಸಿ, ಅದಕ್ಕೆ 1 ಮಿಲಿಮೋಲಾರ್ ಫೆರಿಕ್ ಕ್ಲೋರೈಡ್ ದ್ರಾವಣ 10 ಮಿಲಿ ಸೇರಿಸುತ್ತಾರೆ. ಆಮೇಲೆ 72.9 ಮಿಲಿಗ್ರಾಂ ಎಚ್‌ಡಿಟಿಎಂಎ ಕರಗಿಸಿದ 40 ಮಿಲಿ ನೀರಿಗೆ ಇದನ್ನು ಕಲಕುತ್ತ ನಿಧಾನ ಸುರಿಯಬೇಕು, ಕಡುನೀಲಿ ಬರುತ್ತದೆ. ಇದನ್ನು ಪ್ರತ್ಯೇಕವಾಗಿ ಆಟೊಕ್ಲೇವ್ ಮಾಡಿ, ಪಿಎಚ್ 6.8ಕ್ಕೆ ಹೊಂದಿಸಿದ 900 ಮಿಲಿ ಅಗಾರ್ ಮಾಧ್ಯಮಕ್ಕೆ ಗೋಡೆಗುಂಟ ಇಳಿಸಬೇಕು. ಜೋರಾಗಿ ಸುರಿದರೆ ನೊರೆಯೆದ್ದು ತಟ್ಟೆಯ ತುಂಬ ಗುಳ್ಳೆ. ಸಿಡೆರೊಫೋರ್ ಕಬ್ಬಿಣವನ್ನು ಕಿತ್ತುಕೊಂಡ ಕಡೆ ನೀಲಿ ಅಳಿದು ಕಾಲೊನಿಯ ಸುತ್ತ ಕಿತ್ತಳೆ ಬಣ್ಣದ ಬಳೆ ಮೂಡುತ್ತದೆ.

ನೋಡಲು ಚೆಂದ, ನಂಬಲು ಎಚ್ಚರ ಬೇಕು. ಗಾಜಿನ ಪಾತ್ರೆಯನ್ನು 6 ಮೋಲಾರ್ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ತೊಳೆಯದಿದ್ದರೆ, ಅಥವಾ ಮಾಧ್ಯಮದ ಪೋಷಕಾಂಶಗಳಲ್ಲೇ ಕಬ್ಬಿಣವಿದ್ದರೆ, ಫರ್ ಪ್ರೋಟೀನು ತಯಾರಿ ನಿಲ್ಲಿಸುತ್ತದೆ; ನಿಜವಾದ ಉತ್ಪಾದಕವೂ ಬಳೆ ತೋರಿಸುವುದಿಲ್ಲ. ಎಚ್‌ಡಿಟಿಎಂಎ ಸಾಬೂನಿನಂಥದ್ದು, ಅನೇಕ ಗ್ರಾಂ ಪಾಸಿಟಿವ್ ಬ್ಯಾಕ್ಟೀರಿಯಾಗಳು ಅದರ ಮೇಲೆ ಬೆಳೆಯುವುದೇ ಇಲ್ಲ. ಅದನ್ನು ‘ಉತ್ಪಾದನೆ ಇಲ್ಲ’ ಎಂದು ಬರೆದುಕೊಳ್ಳುವುದು ತಪ್ಪು. ಇದರ ಉಲ್ಟಾ ತಪ್ಪೂ ಆಗುತ್ತದೆ. ಸಕ್ಕರೆ ಹೆಚ್ಚಿದ್ದರೆ ಬ್ಯಾಕ್ಟೀರಿಯಾ ಆಮ್ಲ ಸುರಿಸಿ ಪಿಎಚ್ ಇಳಿಸುತ್ತದೆ, ಬಣ್ಣ ಅದಕ್ಕೂ ಬದಲಾಗುತ್ತದೆ. ಸಿಟ್ರೇಟ್ ಕೂಡ ಬಳೆ ಬಿಡಿಸಬಲ್ಲದು. ಖಚಿತಪಡಿಸಿಕೊಳ್ಳಲು ಅದೇ ತಳಿಯನ್ನು ಕಬ್ಬಿಣ ಬೆರೆಸಿದ ಮತ್ತು ಬೆರೆಸದ ದ್ರವ ಮಾಧ್ಯಮಗಳಲ್ಲಿ ಬೆಳೆಸಿ, ಕೋಶ ತೆಗೆದ ತಿಳಿಯನ್ನು ಹೋಲಿಸಬೇಕು. ಕಬ್ಬಿಣ ಬೆರೆಸಿದಾಗ ಚಟುವಟಿಕೆ ಮಾಯವಾದರೆ ಅದು ಸಿಡೆರೊಫೋರ್. ಎರಡೂ ಕಡೆ ಒಂದೇ ಥರ ಇದ್ದರೆ ಬರೀ ಆಮ್ಲದ ಕೆಲಸ ಎಂದು ಅನುಮಾನಿಸಬೇಕು.

ಮಾಧ್ಯಮದಲ್ಲಿ ಉಳಿದ ಚೂರು ಕಬ್ಬಿಣ ಫಲಿತಾಂಶ ಕೆಡಿಸುವ ಈ ಸಮಸ್ಯೆ ಈಗ ಆಸ್ಪತ್ರೆಯ ಲ್ಯಾಬ್‌ಗೂ ಬಂದಿದೆ, ಸೆಫಿಡೆರೊಕಾಲ್ ಎಂಬ ಆಂಟಿಬಯಾಟಿಕ್‌ನಿಂದ. 2019ರ ನವೆಂಬರಿನಲ್ಲಿ ಅಮೆರಿಕದಲ್ಲಿ ಮಂಜೂರಾದ ಇದು ಸೆಫಲೊಸ್ಪೊರಿನ್ ಔಷಧದ ಬೆನ್ನಿಗೆ ಕ್ಯಾಟಿಕಾಲ್ ಕೊಕ್ಕೆ ಕಟ್ಟಿದ ಅಣು. ದೇಹದಲ್ಲಿ ಅದು ಕಬ್ಬಿಣ ಹಿಡಿದು ಸಿಡೆರೊಫೋರ್ ವೇಷದಲ್ಲಿ ಹೋಗುತ್ತದೆ, ಹಸಿದ ಬ್ಯಾಕ್ಟೀರಿಯಾ ಅದನ್ನು ತಾನೇ ಒಳಗೆಳೆದುಕೊಳ್ಳುತ್ತದೆ. ಇ.ಕೋಲಿ, ಕ್ಲೆಬ್ಸಿಯೆಲ್ಲಾಗಳಲ್ಲಿ ಅದಕ್ಕೆ ಬಾಗಿಲು ತೆರೆಯುವುದು ಮುಖ್ಯವಾಗಿ ಸಿರ್‌ಎ ಮತ್ತು ಫಿಯು ಎಂಬ ಗ್ರಾಹಿಗಳು.

ಆ ಬಾಗಿಲುಗಳು ತೆರೆದಿರುವುದು ಬ್ಯಾಕ್ಟೀರಿಯಾ ಹಸಿದಾಗ ಮಾತ್ರ. ಆಂಟಿಬಯಾಟಿಕ್ ಪರೀಕ್ಷೆಗೆ ಬ್ಯಾಕ್ಟೀರಿಯಾ ಬೆಳೆಸುವ ಮಾಮೂಲಿ ಮ್ಯೂಲರ್-ಹಿಂಟನ್ ಸಾರಿನಲ್ಲಿ ನೋಡಿದರೆ ಅದರಲ್ಲಿರುವ ಕಬ್ಬಿಣದಿಂದ ಗ್ರಾಹಿಗಳು ಕಡಿಮೆಯಾಗಿ, ಔಷಧ ಕೆಲಸ ಮಾಡುವುದಿಲ್ಲವೇನೋ ಎಂಬಂತೆ ತೋರುತ್ತದೆ. ಆದ್ದರಿಂದ ಕೆಲೆಕ್ಸ್ ರಾಳದಲ್ಲಿ ಕಲಕಿ ಕಬ್ಬಿಣವನ್ನು ಮಿಲಿಲೀಟರಿಗೆ 0.03 ಮೈಕ್ರೊಗ್ರಾಂ ಅಥವಾ ಅದಕ್ಕೂ ಕೆಳಗೆ ಇಳಿಸಬೇಕು. ರಾಳ ಕಬ್ಬಿಣದ ಜೊತೆ ಬೇರೆ ಲೋಹಗಳನ್ನೂ ಎಳೆದುಕೊಳ್ಳುವುದರಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸತುವನ್ನು ಮತ್ತೆ ಅಳೆದು ಸೇರಿಸಬೇಕು. ಅಗಾರ್ ತಟ್ಟೆಯ ಡಿಸ್ಕ್ ಪರೀಕ್ಷೆಗೆ ಈ ತಾಪತ್ರಯವಿಲ್ಲ. ಅಗಾರ್‌ನಲ್ಲಿರುವ ಕಬ್ಬಿಣ ಅದಕ್ಕೇ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಸಣ್ಣ ಲ್ಯಾಬ್‌ಗಳಿಗೆ 30 ಮೈಕ್ರೊಗ್ರಾಂ ಡಿಸ್ಕೇ ವಾಸಿ, ಗಡಿಯ ಆಸುಪಾಸು ಬಂದದ್ದನ್ನು ಮಾತ್ರ ಸಾರಿನಲ್ಲಿ ಮತ್ತೆ ನೋಡಬೇಕು.

ಭಾರತದ ಕ್ಲೆಬ್ಸಿಯೆಲ್ಲಾಗಳಲ್ಲಿ ಕಾರ್ಬಪೆನೆಮ್‌ಗಳನ್ನು ಒಡೆಯುವ ಎನ್‌ಡಿಎಂ ಕಿಣ್ವ ಸಾಮಾನ್ಯ. ಅದು ಸೆಫಿಡೆರೊಕಾಲ್ ಅನ್ನು ಪೂರ್ತಿ ಒಡೆಯಲಾರದು, ಆದರೆ ನಿಧಾನವಾಗಿ ಕೊರೆಯುತ್ತದೆ. ಅಂಥ ತಳಿಯಲ್ಲಿ ಸಿರ್‌ಎ ಜೀನ್ ಒಂದು ಕೆಟ್ಟರೆ ಸಾಕು, ಒಳಬರುವ ಔಷಧವೂ ಕಡಿಮೆ, ಬಂದದ್ದನ್ನು ಕೊರೆಯುವ ಕಿಣ್ವವೂ ಸಿದ್ಧ. ಪ್ರತಿರೋಧ ಒಂದೇ ಜಿಗಿತದಲ್ಲಿ ಏರುತ್ತದೆ. ಬಾಗಿಲು ಮುಚ್ಚಿಕೊಂಡ ಬ್ಯಾಕ್ಟೀರಿಯಾ ಹಸಿವಿನಿಂದ ಸೊರಗಬೇಕಿತ್ತು. ಏರೊಬ್ಯಾಕ್ಟಿನ್ ಹೊತ್ತ ತಳಿಗೆ ಆ ಕಷ್ಟವೂ ಇಲ್ಲ, ಅದಕ್ಕೆ ಬೇರೆಯೇ ಬಾಗಿಲಿದೆ.